ಹೊಸೂರಿನ ನಿಖಾಹ್: ವೀಡಿಯೊ ಮಾಡುವವರ ಕೈಯಲ್ಲಿರಬೇಕಾದ ಪಟ್ಟಿ

ಮದುವೆ ದಿನದ ಬಹಳಷ್ಟು ದೃಶ್ಯಗಳನ್ನು ಇನ್ನೊಮ್ಮೆ ತೆಗೆಯಬಹುದು. ಆದರೆ ವಲಿ 'ಮದುವೆ ಮಾಡಿಕೊಟ್ಟೆ' ಅನ್ನುವುದೂ ಮದುಮಗ 'ಸ್ವೀಕರಿಸಿದೆ' ಅನ್ನುವುದೂ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಪಟ್ಟಿಯನ್ನು ಆ ನಿಮಿಷದಿಂದಲೇ ಶುರು ಮಾಡಿ.

ಮೊದಲು ಕೇಳಬೇಕಾದ್ದು

ನಮ್ಮ ಬ್ಯಾರಿ ಮನೆಗಳಲ್ಲಿ ಸಾಮಾನ್ಯವಾಗಿ ಶಾಫಿ ಕ್ರಮ. ಮದುಮಗಳ ತಂದೆ ಅಥವಾ ಅವರ ಪರವಾಗಿ ಉಸ್ತಾದರು ಮದುಮಗನ ಕೈ ಹಿಡಿದು ಮಾತು ಹೇಳುತ್ತಾರೆ. ಹೊಸೂರು, ಕೃಷ್ಣಗಿರಿ ಕಡೆಯ ಉರ್ದು ಮಾತಾಡುವ ಹನಫಿ ಮನೆಗಳಲ್ಲಿ ವಕೀಲ್ ಮತ್ತು ಇಬ್ಬರು ಸಾಕ್ಷಿಗಳು ಮದುಮಗಳ ಬಳಿಗೆ ಹೋಗಿ ಒಪ್ಪಿಗೆ ಕೇಳಿ ಬರುವ ರೂಢಿಯಿದೆ. ಅಂಥ ಮನೆಯ ಸಂಬಂಧವಾದರೆ ಹೆಂಗಸರ ಕಡೆಯೂ ಒಂದು ಕ್ಯಾಮೆರಾ ತಯಾರಿರಬೇಕು. ಯಾವ ಕ್ರಮ, ಮಸೀದಿಯೊಳಗೆ ವೀಡಿಯೊಗೆ ಅನುಮತಿ ಇದೆಯಾ ಎಂದು ಉಸ್ತಾದರನ್ನು ಹಿಂದಿನ ದಿನವೇ ಕೇಳಿ.

ಬೆಳಗ್ಗೆ 11.30ಕ್ಕೆ ನಿಖಾಹ್ ಅಂತಿಟ್ಟುಕೊಳ್ಳಿ

1. 9.00: ಮದುಮಗಳ ಮೈಲಾಂಜಿ ಕೈ, ಉಡುಪು, ಉಮ್ಮನ ಜೊತೆ ಎರಡು ನಿಮಿಷ. ಇದನ್ನು ಮನೆಯ ಹುಡುಗಿಯೊಬ್ಬಳೇ ತೆಗೆಯಲಿ.
2. 10.30: ಖಾಲಿ ಹಾಲ್, ವೇದಿಕೆ, ಬಾಗಿಲು. ಜನ ತುಂಬಿದ ಮೇಲೆ ಇದು ಸಿಗಲ್ಲ.
3. 11.00: ದಿಬ್ಬಣ ಇಳಿಯುವುದು. ಮಂಗಳೂರಿನಿಂದ ಬರುವವರು ಬೆಂಗಳೂರು ದಾಟಿ ಅತ್ತಿಬೆಲೆ ಮೂಲಕ ಬರಬೇಕು, ಅಲ್ಲಿ ತಡ ಆಗುವುದು ಮಾಮೂಲಿ. ಬಸ್ಸಿನಲ್ಲಿರುವ ಒಬ್ಬರಿಂದ ಫೋನ್ ಬಂದ ಮೇಲೆ ಬಾಗಿಲಲ್ಲಿ ನಿಲ್ಲಿ.
4. 11.25: ಖುತ್ಬಾ ಶುರುವಾಗುವ ಮೊದಲೇ ರೆಕಾರ್ಡ್ ಒತ್ತಿ, ದುಆ ಮುಗಿಯುವವರೆಗೆ ನಿಲ್ಲಿಸಬೇಡಿ. ಹಿಡಿದ ಕೈ, ಇಬ್ಬರ ಮುಖ, ಸಾಕ್ಷಿಗಳು ಒಂದೇ ಚೌಕಟ್ಟಿನಲ್ಲಿರಲಿ.
5. ಅದಾದ ಕೂಡಲೇ: ಪುಸ್ತಕಕ್ಕೆ ಸಹಿ, ಮಹರ್ ಕೊಡುವುದು, ಬಾಪ ಅಳಿಯನನ್ನು ಅಪ್ಪಿಕೊಳ್ಳುವುದು.
6. ಊಟದ ಹೊತ್ತು: ವಯಸ್ಸಾದವರನ್ನು ಮೊದಲು ತೆಗೆಯಿರಿ, ಅವರು ಬೇಗ ಹೊರಡುತ್ತಾರೆ. ಅಜ್ಜ, ಅಜ್ಜಿಯರ ಹೆಸರು ಬರೆದಿಟ್ಟು ಟಿಕ್ ಹಾಕುತ್ತಾ ಹೋಗಿ.
7. ಮದುಮಗಳು ಹೊರಡುವುದು: ಕಾರಿನ ಹತ್ತಿರ ಮೊದಲೇ ಹೋಗಿ ನಿಲ್ಲಿ. ಹಿಂದಿನಿಂದ ಓಡಿದರೆ ಬೆನ್ನು ಮಾತ್ರ ಸಿಗುತ್ತದೆ.

ಕೆಡುವುದು ಎಲ್ಲಿ?

ಹೆಚ್ಚಾಗಿ ಧ್ವನಿಯಲ್ಲಿ. ಹಾಲಿನ ಸ್ಪೀಕರ್ ಪಕ್ಕ ನಿಂತರೆ ಮಾತು ಒಡೆದು ಕೇಳುತ್ತದೆ, ದೂರ ನಿಂತರೆ ಗದ್ದಲವೇ ಜಾಸ್ತಿ. ಇನ್ನೊಂದು ಫೋನಿನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಉಸ್ತಾದರ ಮುಂದೆ ಇಡಿ. ಎರಡೂ ಓಡುತ್ತಿರುವಾಗ ಒಮ್ಮೆ ಚಪ್ಪಾಳೆ ತಟ್ಟಿದರೆ ಆಮೇಲೆ ಜೋಡಿಸಲು ಗುರುತು ಸಿಗುತ್ತದೆ. ಹಿಂದಿನ ದಿನ ಖಾಲಿ ಹಾಲಿನಲ್ಲಿ ಒಂದು ನಿಮಿಷ ತೆಗೆದು ಇಯರ್‌ಫೋನ್‌ನಲ್ಲಿ ಕೇಳಿ ನೋಡಿ.

ಎರಡನೆಯದು ಫೋನ್ ಕರೆ. ನಡುವೆ ಕಾಲ್ ಬಂದರೆ ರೆಕಾರ್ಡಿಂಗ್ ನಿಲ್ಲಬಹುದು, ಹಾಗಾಗಿ ನಿಖಾಹ್ ಮುಗಿಯುವವರೆಗೆ ಏರೋಪ್ಲೇನ್ ಮೋಡ್ ಹಾಕಿ. ಜಾಗವನ್ನೂ ನೋಡಿಕೊಳ್ಳಿ: ಫುಲ್ ಎಚ್‌ಡಿಯಲ್ಲಿ ಒಂದು ಗಂಟೆಗೆ ಸುಮಾರು 4ರಿಂದ 8 ಜಿಬಿ ಬೇಕು.

ಹೆಂಗಸರ ಕಡೆಯ ವೀಡಿಯೊ ಒಂದೇ ಫೋನಿನಲ್ಲಿರಲಿ. ಸಂಜೆ ಅದನ್ನು ಮದುಮಗಳ ಕೈಗೇ ಕೊಡಿ. ಯಾವುದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಕು, ಯಾವುದನ್ನು ಅಳಿಸಬೇಕು ಎಂದು ಅವಳೇ ಹೇಳಲಿ.