n-ನೇ ಮೂಲ ಒಂದಕ್ಕೇ ಏಕೆ ಇಳಿಯುತ್ತದೆ?

ವೈ.ಎನ್.ಹೊಸಕೋಟೆಯ ಕಡೆ ಕೈಸಾಲ ಕೊಡುವವರು ಬಡ್ಡಿಯನ್ನು ‘ನೂರಕ್ಕೆ ಎರಡು ರೂಪಾಯಿ’ ಎಂದು ತಿಂಗಳ ಲೆಕ್ಕದಲ್ಲೇ ಹೇಳುತ್ತಾರೆ. ಅದೇ ದರಕ್ಕೆ ತಿಂಗಳು ತಿಂಗಳೂ ಚಕ್ರಬಡ್ಡಿ ಸೇರಿಸುತ್ತ ಹೋದರೆ ಒಂದು ರೂಪಾಯಿ ಹತ್ತು ವರ್ಷದಲ್ಲಿ ಹತ್ತು ರೂಪಾಯಿಯನ್ನು ದಾಟುತ್ತದೆ. ಇದನ್ನೇ ತಿರುಗಿಸಿ ಕೇಳೋಣ: ಒಂದು ರೂಪಾಯಿ n ವರ್ಷದಲ್ಲಿ n ರೂಪಾಯಿ ಆಗಬೇಕಾದರೆ ವರ್ಷಕ್ಕೆ ಎಷ್ಟು ಬಡ್ಡಿ ಬೇಕು? ಮೂರು ವರ್ಷದಲ್ಲಿ ಮೂರಾಗಲು ಶೇ. 44.2, ಹತ್ತು ವರ್ಷದಲ್ಲಿ ಹತ್ತಾಗಲು ಶೇ. 25.9, ನೂರು ವರ್ಷದಲ್ಲಿ ನೂರಾಗಲು ಶೇ. 4.7, ಸಾವಿರಕ್ಕೆ ಶೇ. 0.69. ಗಳಿಕೆಯ ಗುರಿ ದೊಡ್ಡದಾಗುತ್ತಿದ್ದರೂ ಬೇಕಾದ ದರ ಸೊನ್ನೆಯತ್ತ ಕುಸಿಯುತ್ತದೆ. n-ನೇ ಮೂಲ, ಅಂದರೆ n^(1/n), ಒಂದಕ್ಕೆ ಹತ್ತಿರವಾಗುತ್ತದೆ ಎಂಬ ಮಾತಿನ ಅರ್ಥ ಇದೇ.

ಬಿ.ಎಸ್ಸಿ. ತರಗತಿಯಲ್ಲಿ ಇದಕ್ಕೆ ಅನೇಕ ವಿದ್ಯಾರ್ಥಿಗಳು ಥಟ್ಟನೆ ಕೊಡುವ ಕಾರಣವೊಂದಿದೆ: 1/n ಸೊನ್ನೆಗೆ ಹೋಗುತ್ತದೆ, ಯಾವ ಸಂಖ್ಯೆಯ ಸೊನ್ನೆಯ ಘಾತವೂ ಒಂದೇ, ಆದ್ದರಿಂದ ಉತ್ತರ ಒಂದು. ಉತ್ತರ ಸರಿ, ಕಾರಣ ತಪ್ಪು. ಇದೇ ವಾದವನ್ನು 2^n ಮೇಲೆ ಪ್ರಯೋಗಿಸಿದರೆ ಅದರ n-ನೇ ಮೂಲವೂ ಒಂದಕ್ಕೆ ಹೋಗಬೇಕಿತ್ತು. ಆದರೆ ಅದು ಯಾವಾಗಲೂ 2. n^n ತೆಗೆದುಕೊಂಡರೆ ಮೂಲ n ಆಗಿ ಮಿತಿಯಿಲ್ಲದೆ ಬೆಳೆಯುತ್ತದೆ. ಒಳಗಿನ ಸಂಖ್ಯೆ ಮೇಲಕ್ಕೆ ಎಳೆಯುತ್ತದೆ, ಹೊರಗಿನ ಘಾತ ಕೆಳಕ್ಕೆ ಎಳೆಯುತ್ತದೆ. ಯಾವ ಎಳೆತ ಗೆಲ್ಲುತ್ತದೆ ಎಂಬುದನ್ನು ಅಳೆದೇ ಹೇಳಬೇಕು. ಆ ಅಳತೆಗೆ ದ್ವಿಪದ ವಿಸ್ತರಣೆ ಸಾಕು ಎಂಬುದು ಈ ವಿಷಯದ ಚೆಲುವು.

ಆ ವಿಸ್ತರಣೆಯ ಗುಣಕಗಳು ಈ ನೆಲಕ್ಕೆ ಬಹಳ ಹಳೆಯ ಪರಿಚಯ. ಪಿಂಗಳನ ಛಂದಃಶಾಸ್ತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಮೇರು ಪ್ರಸ್ತಾರವನ್ನು ಕಟ್ಟುವ ಬಗೆಯನ್ನು ವಿವರಿಸಿದ. ಅದೇ ಶತಮಾನದ ಕೊನೆಯಲ್ಲಿ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಪ್ರಸ್ತಾರ ಮೊದಲಾದ ಆರು ಪ್ರತ್ಯಯಗಳನ್ನು ಕನ್ನಡಕ್ಕೆ ತಂದ. ಇವರಿಬ್ಬರಿಗೂ ಮೊದಲೇ, 9ನೇ ಶತಮಾನದಲ್ಲಿ, ನೃಪತುಂಗ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ: n ವಸ್ತುಗಳಿಂದ r ವಸ್ತುಗಳನ್ನು ಆರಿಸಲು, n-ನಿಂದ ಒಂದೊಂದಾಗಿ ಇಳಿಯುವ r ಸಂಖ್ಯೆಗಳ ಗುಣಲಬ್ಧವನ್ನು 1, 2, 3 ಎಂದು ಏರುವ r ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಬೇಕು. ಅವನ ಉದಾಹರಣೆ ಷಡ್ರಸಗಳದ್ದು. ಆರು ರುಚಿಗಳಲ್ಲಿ ಎರಡೆರಡನ್ನು ಬೆರೆಸುವ ಬಗೆಗಳು 6×5ನ್ನು 1×2ರಿಂದ ಭಾಗಿಸಿದಷ್ಟು, ಅಂದರೆ 15. ನಮ್ಮ ಸಾಧನೆಗೆ ಬೇಕಾದ n(n−1)/2 ಇದೇ ಸೂತ್ರದ ಎರಡನೇ ಮೆಟ್ಟಿಲು. ಮಹಾವೀರನಿಗೆ ಅದು ಎಣಿಕೆಯ ಸಾಧನವಾಗಿತ್ತು. ಮಿತಿಯ ಪ್ರಶ್ನೆ ಆಗಿನ್ನೂ ಹುಟ್ಟಿರಲಿಲ್ಲ.

ಎಣಿಕೆಯ ಗುಣಕಗಳು ಅಸಮತೆಯ ರೂಪ ತಾಳಿದ್ದು ಯುರೋಪಿನಲ್ಲಿ, 17ನೇ ಶತಮಾನದಲ್ಲಿ. 1689ರಲ್ಲಿ ಯಾಕೋಬ್ ಬೆರ್ನೂಲಿ ಶ್ರೇಣಿಗಳ ಕುರಿತ ತನ್ನ ಬರಹದಲ್ಲಿ ಬಳಸಿದ್ದರಿಂದ ಅವನ ಹೆಸರು ಅಂಟಿಕೊಂಡ ಅಸಮತೆ ಇದು: h ಸೊನ್ನೆಗಿಂತ ಕಡಿಮೆಯಲ್ಲದಿದ್ದರೆ (1+h)^n ≥ 1+nh. ವಿಸ್ತರಣೆಯ ಮೊದಲ ಎರಡು ಪದಗಳನ್ನು ಇಟ್ಟುಕೊಂಡು ಉಳಿದ ಧನ ಪದಗಳನ್ನು ಕೈಬಿಟ್ಟರೆ ಸಿಗುವುದು ಇಷ್ಟೇ. ಸ್ಥಿರ ಸಂಖ್ಯೆಯ n-ನೇ ಮೂಲಕ್ಕೆ ಇದು ಸಾಕು. p^(1/n) = 1+h ಎಂದಿಟ್ಟರೆ, p ಒಂದಕ್ಕಿಂತ ದೊಡ್ಡದಿದ್ದಾಗ, p ≥ 1+nh. ಹಾಗಾಗಿ h ಎಂಬುದು (p−1)/n ಮೀರದೆ ಸೊನ್ನೆಗೆ ಇಳಿಯುತ್ತದೆ.

ಈಗ p-ಯ ಜಾಗದಲ್ಲಿ n ಹಾಕಿ ನೋಡಿ. h ≤ (n−1)/n ಎಂದು ಬರುತ್ತದೆ, ಅಂದರೆ h ಒಂದಕ್ಕಿಂತ ಕಡಿಮೆ ಎಂದಷ್ಟೇ ತಿಳಿಯುತ್ತದೆ. ಅಸಮತೆ ಸುಳ್ಳಲ್ಲ, ಆದರೆ ಅದರ ಬಲ ಸಾಲದು: ಎಡಗಡೆಯ n ಮತ್ತು ಬಲಗಡೆಯ nh ಒಂದೇ ವೇಗದಲ್ಲಿ ಬೆಳೆದು ಪರಸ್ಪರ ರದ್ದಾಗುತ್ತವೆ. n-ಗಿಂತ ವೇಗವಾಗಿ ಬೆಳೆಯುವ ಪದವೊಂದು ಬೇಕು. ಅದು ಮೂರನೇ ಪದ. n^(1/n) = 1+h ಎಂದಿಟ್ಟುಕೊಂಡು, n ಎರಡು ಅಥವಾ ಅದಕ್ಕಿಂತ ದೊಡ್ಡದಿರುವಾಗ,

n = (1+h)^n ≥ n(n−1)h²/2

ಎಂದು ಬರೆಯೋಣ. ಎರಡೂ ಕಡೆಯ n ಹೊಡೆದುಹೋದ ಮೇಲೂ ಬಲಗಡೆ n−1 ಉಳಿಯುತ್ತದೆ, h² ≤ 2/(n−1). ಆದ್ದರಿಂದ h ಎಂಬುದು √(2/(n−1)) ಮೀರುವುದಿಲ್ಲ, ಮತ್ತು ಅದು ಸೊನ್ನೆಗೆ ಹೋಗುತ್ತದೆ. ಪೂರ್ಣ ಸಾಧನೆ ಇಷ್ಟೇ. ಲಾಗರಿದಮ್ ಬೇಡ, ಕಲನ ಬೇಡ.

ಬೆರ್ನೂಲಿಯ ಅಸಮತೆಯನ್ನೇ ಹಿಡಿದು ಸಾಧಿಸುವ ದಾರಿಯೂ ಒಂದಿದೆ, ನನಗೆ ಅದು ಇನ್ನೂ ಇಷ್ಟ. n-ನ ಬದಲು √n-ನ n-ನೇ ಮೂಲವನ್ನು 1+h ಎನ್ನಿ. ಆಗ √n ≥ 1+nh, ಆದ್ದರಿಂದ h ಎಂಬುದು 1/√n-ಗಿಂತ ಚಿಕ್ಕದು. ನಮಗೆ ಬೇಕಾದ ಮೂಲ (1+h)², ಅದೂ ಒಂದಕ್ಕೇ ಇಳಿಯುತ್ತದೆ. ಸಾಲದಾಗಿದ್ದ ಅಸಮತೆ, ಪ್ರಶ್ನೆಯನ್ನು ಅರ್ಧಕ್ಕೆ ಇಳಿಸಿದೊಡನೆ ಸಾಕಾಯಿತು.

‘ಮಿತಿ’ ಎಂಬುದಕ್ಕೆ ಇಂಥ ಅಸಮತೆಗಳ ಭಾಷೆಯಲ್ಲಿ ಬಿಗಿಯಾದ ಬಳಕೆ ತಂದವನು ಕೋಶಿ, 1821ರ ತನ್ನ ‘ಕೂರ್ ದನಾಲೀಸ್’ ಗ್ರಂಥದಲ್ಲಿ. ಅಕ್ಕಪಕ್ಕದ ಪದಗಳ ಅನುಪಾತ ಒಂದು ಮಿತಿಗೆ ಹೋದರೆ n-ನೇ ಮೂಲವೂ ಅದೇ ಮಿತಿಗೆ ಹೋಗುತ್ತದೆ ಎಂಬ ಅವನ ಪ್ರಮೇಯದಿಂದಲೂ ನಮ್ಮ ಫಲಿತಾಂಶ ಬರುತ್ತದೆ, ಏಕೆಂದರೆ (n+1)/n ಒಂದಕ್ಕೆ ಹೋಗುತ್ತದೆ. ಘಾತ ಶ್ರೇಣಿಯೊಂದನ್ನು ಪದ ಪದವಾಗಿ ಅವಕಲಿಸಿದಾಗ ಪ್ರತಿ ಗುಣಕಕ್ಕೂ n ಅಂಟಿಕೊಳ್ಳುತ್ತದೆ; ಅಭಿಸರಣ ತ್ರಿಜ್ಯವನ್ನು ಗುಣಕಗಳ n-ನೇ ಮೂಲದಿಂದ ಅಳೆಯುವ ಕೋಶಿ–ಹದಮಾರ್ ಸೂತ್ರದಲ್ಲಿ ಆ ಹೆಚ್ಚುವರಿ n-ನ ಮೂಲ ಒಂದಾಗಿಬಿಡುವುದರಿಂದಲೇ ತ್ರಿಜ್ಯ ಬದಲಾಗುವುದಿಲ್ಲ. 1953ರ ವಾಲ್ಟರ್ ರುಡಿನ್‌ನ ಪಠ್ಯವು ದ್ವಿಪದದ ಈ ಸಾಧನೆಯನ್ನು p^(1/n), n^k/a^n ಜೊತೆಗೆ ಒಂದೇ ಪ್ರಮೇಯದಲ್ಲಿ ಕೂಡಿಸಿಟ್ಟಿತು. ಇಂದು ಅನೇಕ ವಿಶ್ಲೇಷಣ ಪಠ್ಯಗಳಲ್ಲಿ ಕಾಣುವುದು ಇದೇ ಜೋಡಣೆ.

a ಒಂದಕ್ಕಿಂತ ದೊಡ್ಡದಿದ್ದಾಗ n^k/a^n ಸೊನ್ನೆಗೆ ಹೋಗುವ ಕಥೆಯೂ ಮೇಲಿನದೇ. a = 1+p ಆಗಿದ್ದು k = 1 ಆದರೆ ಮೂರನೇ ಪದದಿಂದ n/a^n ≤ 2/((n−1)p²). k ದೊಡ್ಡದಾದರೆ p^(k+1) ಇರುವ ಪದದವರೆಗೆ ಹೋಗಬೇಕು, ಕೆಳಗಿನ ಬೆಳವಣಿಗೆ ಆಗಲೂ ಒಂದು ಮೆಟ್ಟಿಲು ಮುಂದಿರುತ್ತದೆ. ಆದರೆ ಲೆಕ್ಕ ಯಂತ್ರ ಹಿಡಿದವರು ಇಲ್ಲಿ ಎಚ್ಚರವಾಗಿರಬೇಕು. a = 1.01 ಇರುವಾಗ n/a^n ಮೊದಲಿಗೆ ಏರುತ್ತಲೇ ಹೋಗಿ n = 100ರ ಹತ್ತಿರ 37 ತಲುಪುತ್ತದೆ. ಅಲ್ಲಿಗೆ ನಿಲ್ಲಿಸಿದವರಿಗೆ ಅದು ಅನಂತಕ್ಕೆ ಹೋಗುತ್ತದೆ ಎಂದೇ ತೋರುತ್ತದೆ. n = 1000ಕ್ಕೆ ಅದು 0.05ಕ್ಕಿಂತ ಕಡಿಮೆ. ನಮ್ಮ ಅಸಮತೆಯಾದರೋ ಆ ಹೊತ್ತಿಗೆ ‘20ಕ್ಕಿಂತ ಸ್ವಲ್ಪವೇ ಹೆಚ್ಚಿನ ಸಂಖ್ಯೆಯನ್ನು ಮೀರದು’ ಎಂದಷ್ಟೇ ಹೇಳುತ್ತದೆ.

ಅಂದರೆ ದ್ವಿಪದ ಅಸಮತೆ ಮಿತಿಯನ್ನು ಸಾಧಿಸುತ್ತದೆ, ವೇಗವನ್ನು ನಿಖರವಾಗಿ ಹೇಳುವುದಿಲ್ಲ. n = 1000ಕ್ಕೆ n^(1/n)-ನಲ್ಲಿ h-ನ ನಿಜ ಬೆಲೆ 0.0069, h² ಪದ ಕೊಡುವ ಮೇಲ್ಮಿತಿ 0.0447. ಒಂದು ಪದ ಮುಂದೆ ಹೋಗಿ h³ ಬಳಸಿದರೆ ಮೇಲ್ಮಿತಿ 0.0182ಕ್ಕೆ ಬಿಗಿಯಾಗುತ್ತದೆ. h^k ಪದವನ್ನು ಆರಿಸಿದರೆ ಮೇಲ್ಮಿತಿ n^(1/k)/n-ನಂತೆ ಕುಗ್ಗುತ್ತದೆ. ನಿಜವಾದ h ಕುಗ್ಗುವುದು log n/n-ನಂತೆ, ಮತ್ತು log n ಎಂಬುದು n-ನ ಯಾವ ಧನ ಘಾತಕ್ಕಿಂತಲೂ ನಿಧಾನವಾಗಿ ಬೆಳೆಯುವುದರಿಂದ, k-ಯನ್ನು ಎಷ್ಟೇ ದೊಡ್ಡದಾಗಿ ಆರಿಸಿ ಸ್ಥಿರವಾಗಿಟ್ಟರೂ ಈ ದಾರಿಯಲ್ಲಿ ಆ ವೇಗವನ್ನು ಮುಟ್ಟಲಾಗದು.