ಕಂಪನ ಮಾಪನದಿಂದ ಬೇರಿಂಗ್ ವೈಫಲ್ಯದ ಮುನ್ಸೂಚನೆ

ಪಂಪು, ಫ್ಯಾನು, ಮೋಟಾರು, ಗೇರ್‌ಬಾಕ್ಸ್‌ಗಳಲ್ಲಿ ಶಾಫ್ಟನ್ನು ಹೊತ್ತು ನಿಲ್ಲುವ ಬಾಲ್ ಮತ್ತು ರೋಲರ್ ಬೇರಿಂಗ್‌ಗಳು ಕೆಡಲು ಶುರುವಾದಾಗ ಹೌಸಿಂಗ್‌ನ ಕಂಪನದಲ್ಲಿ ಒಂದು ನಿಯತ ಲಯ ಕಾಣಿಸಿಕೊಳ್ಳುತ್ತದೆ. ಆ ಲಯವನ್ನು ಅಳೆದು ಬೇರಿಂಗ್‌ನ ಯಾವ ಭಾಗ ಕೆಡುತ್ತಿದೆ ಎಂದು ಗುರುತಿಸುವುದು ಮತ್ತು ಅದು ಪೂರ್ತಿ ಮುರಿಯುವ ಮೊದಲೇ ಯಂತ್ರವನ್ನು ನಿಲ್ಲಿಸಿ ಬದಲಿಸುವುದು ಈ ವಿಧಾನದ ಉದ್ದೇಶ. ದೋಷವನ್ನು ಗುರುತಿಸುವುದರಲ್ಲಿ ಇದು ಸಾಕಷ್ಟು ನಿಖರವಾಗಿದೆ. ಉಳಿದ ಆಯುಷ್ಯವನ್ನು ದಿನಗಳಲ್ಲಿ ಹೇಳುವುದರಲ್ಲಿ ಅಷ್ಟು ನಿಖರವಲ್ಲ.

ಬೇರಿಂಗ್ ಕೆಡುವ ಬಗೆ

ಬೇರಿಂಗ್‌ನಲ್ಲಿ ರೋಲರ್ ಮತ್ತು ರೇಸ್ ಮುಟ್ಟುವ ಜಾಗ ಬಹಳ ಕಿರಿದು. ಅಲ್ಲಿ ಉಂಟಾಗುವ ಒತ್ತಡದಿಂದ ಉಕ್ಕಿಗೆ ಅತಿ ಹೆಚ್ಚು ಆಯಾಸವಾಗುವುದು ಮೇಲ್ಮೈಯಲ್ಲಲ್ಲ, ಅದರ ಸ್ವಲ್ಪ ಕೆಳಗೆ. ಕೋಟ್ಯಂತರ ಸುತ್ತುಗಳ ನಂತರ ಅಲ್ಲಿ ಸೂಕ್ಷ್ಮ ಬಿರುಕು ಹುಟ್ಟಿ, ಮೇಲಕ್ಕೆ ಬೆಳೆದು, ಕೊನೆಗೆ ಒಂದು ಚಕ್ಕೆ ಏಳುತ್ತದೆ. ಇದು ಪಠ್ಯಪುಸ್ತಕದ ಸಾವು. ಕಾರ್ಖಾನೆಗಳಲ್ಲಿ ಗ್ರೀಸ್ ಕೊರತೆ, ಧೂಳು, ನೀರು, ತಪ್ಪು ಜೋಡಣೆ, ಶಾಫ್ಟಿನ ಮೂಲಕ ಹರಿಯುವ ವಿದ್ಯುತ್ತು ಇವುಗಳಿಂದಲೂ ಬೇರಿಂಗ್ ಕೆಡುತ್ತದೆ. ಆಗ ಹಾನಿ ಮೇಲ್ಮೈಯಿಂದಲೇ ಆರಂಭವಾಗುತ್ತದೆ.

1947ರಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಲ್ಮ್‌ಗ್ರೆನ್ ಬೇರಿಂಗ್ ಆಯುಷ್ಯದ ಲೆಕ್ಕವನ್ನು ಸಂಖ್ಯಾಶಾಸ್ತ್ರದ ಮೇಲೆ ಕಟ್ಟಿದರು. ಕ್ಯಾಟಲಾಗುಗಳಲ್ಲಿ ಇಂದಿಗೂ ಕಾಣುವ L10 ಎಂಬ ಅಂಕಿಯ ಅರ್ಥ ಇಷ್ಟೇ: ಅಷ್ಟು ಸುತ್ತುಗಳಾಗುವ ಹೊತ್ತಿಗೆ ನೂರರಲ್ಲಿ ಹತ್ತು ಬೇರಿಂಗ್‌ಗಳು ಕೆಟ್ಟಿರುತ್ತವೆ. ಉಳಿದ ತೊಂಬತ್ತರಲ್ಲಿ ಹಲವು ಅದರ ಎಷ್ಟೋ ಪಟ್ಟು ಹೆಚ್ಚು ಓಡಬಲ್ಲವು. ಆದ್ದರಿಂದ ಕ್ಯಾಲೆಂಡರ್ ನೋಡಿ ಬೇರಿಂಗ್ ಬದಲಿಸಿದರೆ ಗಟ್ಟಿಯಾದ ಬೇರಿಂಗ್‌ಗಳನ್ನೂ ಕಿತ್ತೆಸೆದಂತಾಗುತ್ತದೆ, ಹಾಗಿದ್ದೂ ಬೇಗ ಕೆಡುವ ಹತ್ತು ಕೈಗೆ ಸಿಗುವುದಿಲ್ಲ. ಪ್ರತಿಯೊಂದು ಬೇರಿಂಗನ್ನೂ ಪ್ರತ್ಯೇಕವಾಗಿ ಕೇಳಬೇಕಾದ ಅಗತ್ಯ ಹುಟ್ಟುವುದು ಇಲ್ಲಿಂದ.

ದೋಷದ ಲಯ

ಹೊರ ರೇಸಿನಲ್ಲಿ ಒಂದು ಕುಳಿ ಬಿದ್ದಿದೆ ಎಂದುಕೊಳ್ಳೋಣ. ಅದರ ಮೇಲೆ ಹಾಯುವ ಪ್ರತಿ ರೋಲರೂ ಒಮ್ಮೆ ಇಳಿದು ಎದುರಿನ ಅಂಚಿಗೆ ಬಡಿಯುತ್ತದೆ. ಸೆಕೆಂಡಿಗೆ ಎಷ್ಟು ರೋಲರ್‌ಗಳು ಹಾಯುತ್ತವೆ ಎಂಬುದನ್ನು ಬೇರಿಂಗ್‌ನ ಅಳತೆಗಳಿಂದಲೇ ಲೆಕ್ಕ ಹಾಕಬಹುದು:

f = (n/2) × N × (1 − (d/D) cos φ)

ಇಲ್ಲಿ n ರೋಲರ್‌ಗಳ ಸಂಖ್ಯೆ, N ಶಾಫ್ಟ್ ಸೆಕೆಂಡಿಗೆ ತಿರುಗುವ ಸುತ್ತು, d ರೋಲರಿನ ವ್ಯಾಸ, D ರೋಲರ್‌ಗಳ ಕೇಂದ್ರಗಳು ಹಾದುಹೋಗುವ ವೃತ್ತದ ವ್ಯಾಸ, φ ಸಂಪರ್ಕ ಕೋನ. ಒಳ ರೇಸಿಗೆ ಕಳೆಯುವ ಚಿಹ್ನೆಯ ಜಾಗದಲ್ಲಿ ಕೂಡಿಸುವ ಚಿಹ್ನೆ ಬರುತ್ತದೆ. ರೋಲರ್ ಮತ್ತು ಕೇಜ್‌ಗೂ ಇಂಥದೇ ಸೂತ್ರಗಳಿವೆ. ಹೀಗೆ ಒಂದು ಬೇರಿಂಗ್‌ಗೆ ನಾಲ್ಕು ದೋಷ ಆವರ್ತನಗಳು.

ಈ ಆವರ್ತನಗಳು ಸಾಮಾನ್ಯವಾಗಿ ಶಾಫ್ಟ್ ವೇಗದ ಪೂರ್ಣಾಂಕ ಗುಣಕಗಳಲ್ಲ. ತೂಕದ ಅಸಮತೋಲನ, ಕಪ್ಲಿಂಗ್ ವಕ್ರತೆ, ಪಂಪಿನ ರೆಕ್ಕೆಗಳ ಬಡಿತ ಇವೆಲ್ಲ ಪೂರ್ಣಾಂಕಗಳ ಮೇಲೆ ಕೂರುತ್ತವೆ. ಬೇರಿಂಗ್‌ನ ಗೆರೆ ಅವುಗಳ ನಡುವಿನ ಸಂದಿಯಲ್ಲಿ ಏಳುತ್ತದೆ. ಒಳ ರೇಸಿನ ದೋಷಕ್ಕೆ ಇನ್ನೊಂದು ಗುರುತೂ ಇದೆ. ಆ ಕುಳಿ ಶಾಫ್ಟಿನ ಜೊತೆ ತಿರುಗಿ ಪ್ರತಿ ಸುತ್ತಿಗೊಮ್ಮೆ ಭಾರದ ವಲಯಕ್ಕೆ ಬಂದು ಹೋಗುವುದರಿಂದ ಬಡಿತ ಏರಿಳಿಯುತ್ತದೆ, ಮುಖ್ಯ ಗೆರೆಯ ಎರಡೂ ಪಕ್ಕದಲ್ಲಿ ಶಾಫ್ಟ್ ವೇಗದಷ್ಟು ದೂರಕ್ಕೆ ಮರಿಗೆರೆಗಳು ಕಾಣುತ್ತವೆ.

ಎನ್ವಲಪ್ ವಿಶ್ಲೇಷಣೆ

ಲಯ ಗೊತ್ತಿದ್ದರೂ ಅದನ್ನು ನೇರವಾಗಿ ಹಿಡಿಯುವುದು ಕಷ್ಟ. ಆರಂಭದ ಕುಳಿಯ ಬಡಿತ ಅತಿ ಚಿಕ್ಕದು, ಅತಿ ಕ್ಷಣಿಕ. ಕೆಳ ಆವರ್ತನಗಳಲ್ಲಿ ಅಸಮತೋಲನದ ಅಬ್ಬರದ ಕೆಳಗೆ ಅದು ಮುಚ್ಚಿಹೋಗುತ್ತದೆ. ಆದರೆ ಕ್ಷಣಿಕವಾದ ಬಡಿತದ ಶಕ್ತಿ ಬಹಳ ಎತ್ತರದ ಆವರ್ತನಗಳವರೆಗೂ ಹರಡಿರುತ್ತದೆ. ಅದು ಬೇರಿಂಗ್ ಮತ್ತು ಹೌಸಿಂಗ್‌ನ ಸಹಜ ಆವರ್ತನಗಳನ್ನು, ಅಂದರೆ ಹಲವು ಸಾವಿರ ಹರ್ಟ್ಸ್‌ನ ಅನುರಣನವನ್ನು, ಎಬ್ಬಿಸುತ್ತದೆ.

ದೇವಸ್ಥಾನದ ಗಂಟೆಯ ನಾದ ಗಂಟೆಯ ಲೋಹಕ್ಕೆ ಮತ್ತು ಆಕಾರಕ್ಕೆ ಸೇರಿದ್ದು. ಎಷ್ಟು ಹೊತ್ತಿಗೊಮ್ಮೆ ಬಡಿಯುತ್ತದೆ ಎಂಬುದು ಬಡಿಯುವವರಿಗೆ ಸೇರಿದ್ದು. ಎನ್ವಲಪ್ ವಿಶ್ಲೇಷಣೆ ನಾದವನ್ನು ಬಿಟ್ಟು ಬಡಿತದ ಅಂತರವನ್ನು ಮಾತ್ರ ಎಣಿಸುತ್ತದೆ. ಮೊದಲು ಅನುರಣನ ಇರುವ ಪಟ್ಟಿಯನ್ನು ಮಾತ್ರ ಉಳಿಸಿಕೊಂಡು ಕೆಳಗಿನ ಕಂಪನವನ್ನು ಸೋಸಿ ತೆಗೆಯಲಾಗುತ್ತದೆ. ಬಳಿಕ ಆ ಸಂಕೇತದ ಶಿಖರಗಳನ್ನು ಮೇಲಿನಿಂದ ಮುಟ್ಟಿಕೊಂಡು ಹೋಗುವ ಹೊರರೇಖೆಯನ್ನು ತೆಗೆಯಲಾಗುತ್ತದೆ. ಎನ್ವಲಪ್ ಎಂದರೆ ಈ ಹೊರರೇಖೆಯೇ. ಕೊನೆಗೆ ಅದರ ಸ್ಪೆಕ್ಟ್ರಮ್ ನೋಡಿದರೆ ದೋಷ ಆವರ್ತನ ಮತ್ತು ಅದರ ಎರಡು, ಮೂರು ಪಟ್ಟುಗಳು ಸ್ಪಷ್ಟ ಗೆರೆಗಳಾಗಿ ನಿಲ್ಲುತ್ತವೆ.

ಯಾವ ಪಟ್ಟಿಯನ್ನು ಆರಿಸಬೇಕು ಎಂಬುದೇ ಇಲ್ಲಿನ ಕಠಿಣ ಪ್ರಶ್ನೆ. ತಪ್ಪು ಪಟ್ಟಿಯಲ್ಲಿ ಹುಡುಕಿದರೆ ಇರುವ ದೋಷವೂ ಕಾಣುವುದಿಲ್ಲ. ಬಡಿತಗಳ ಮೊನಚು ಎಲ್ಲಿ ಹೆಚ್ಚಿದೆ ಎಂಬುದನ್ನು ಕರ್ಟೋಸಿಸ್ ಎಂಬ ಅಂಕಿಯಿಂದ ಅಳೆದು ಪಟ್ಟಿ ಆರಿಸುವುದು ಈಗಿನ ರೂಢಿ. ಗದ್ದಲ ಮಾತ್ರವಿರುವ ಆರೋಗ್ಯಕರ ಬೇರಿಂಗ್‌ನಲ್ಲಿ ಈ ಅಂಕಿ 3ರ ಆಸುಪಾಸಿನಲ್ಲಿರುತ್ತದೆ.

ಒಂದು ಪ್ರಯೋಗ: ಏಳು ದಿನಗಳ ಓಟ

ಅಮೆರಿಕದ ಸಿನ್ಸಿನ್ನಾಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಂದೇ ಶಾಫ್ಟಿಗೆ ನಾಲ್ಕು ರೋಲರ್ ಬೇರಿಂಗ್‌ಗಳನ್ನು ಕೂರಿಸಿ, ಸುಮಾರು 2,700 ಕಿಲೋ ಭಾರ ಹೇರಿ, 2,000 ಆರ್‌ಪಿಎಂ ವೇಗದಲ್ಲಿ ಕೆಡುವವರೆಗೂ ಓಡಿಸಲಾಯಿತು. ಈ ದತ್ತಾಂಶ ಎಲ್ಲರಿಗೂ ಮುಕ್ತವಾಗಿ ಲಭ್ಯವಿದೆ. 2004ರ ಫೆಬ್ರುವರಿ 12ರಿಂದ 19ರವರೆಗೆ ನಡೆದ ಎರಡನೆಯ ಓಟದಲ್ಲಿ ಹತ್ತು ನಿಮಿಷಕ್ಕೊಮ್ಮೆ ಒಂದು ಸೆಕೆಂಡಿನ ಕಂಪನವನ್ನು ದಾಖಲಿಸಿ 984 ಕಡತಗಳನ್ನು ಸಂಗ್ರಹಿಸಲಾಯಿತು. ಕೊನೆಯಲ್ಲಿ ಮೊದಲನೆಯ ಬೇರಿಂಗ್‌ನ ಹೊರ ರೇಸ್ ಕೆಟ್ಟಿತ್ತು.

ಬೇರಿಂಗ್‌ನ ಪ್ರತಿ ಸಾಲಿನಲ್ಲಿ 16 ರೋಲರ್‌ಗಳು. d ಸುಮಾರು 8.4 ಮಿ.ಮೀ., D ಸುಮಾರು 71.5 ಮಿ.ಮೀ., ಕೋನ 15.17 ಡಿಗ್ರಿ. ಶಾಫ್ಟ್ ಸೆಕೆಂಡಿಗೆ 33.3 ಸುತ್ತು. ಸೂತ್ರದ ಪ್ರಕಾರ ಹೊರ ರೇಸಿನ ಆವರ್ತನ 236.4 ಹರ್ಟ್ಸ್. ಎನ್ವಲಪ್ ಸ್ಪೆಕ್ಟ್ರಮ್‌ನಲ್ಲಿ ನಿಜವಾಗಿ ಏಳುವ ಗೆರೆ ಸುಮಾರು 231 ಹರ್ಟ್ಸ್. ರೋಲರ್‌ಗಳು ಉರುಳುವಾಗ ಸ್ವಲ್ಪ ಜಾರುತ್ತವೆ, ಸಂಪರ್ಕ ಕೋನವೂ ಭಾರಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಒಂದೆರಡು ಶೇಕಡಾ ವ್ಯತ್ಯಾಸ ನಿರೀಕ್ಷಿತವೇ.

ಇಲ್ಲಿ ಎಡವಲು ಅವಕಾಶವಿದೆ. ಶಾಫ್ಟ್ ವೇಗದ ಏಳು ಪಟ್ಟು 233.3 ಹರ್ಟ್ಸ್, ಅಂದರೆ ಕಂಡ ಗೆರೆಗೂ ಅದಕ್ಕೂ ಎರಡೇ ಹರ್ಟ್ಸ್ ಅಂತರ. ಒಂದು ಸೆಕೆಂಡಿನ ದಾಖಲೆ ಒಂದು ಹರ್ಟ್ಸ್‌ಗಿಂತ ಸೂಕ್ಷ್ಮವಾಗಿ ಬೇರ್ಪಡಿಸಲಾರದು. ಆಗ ಪಟ್ಟುಗಳನ್ನು ನೋಡಬೇಕು. ದೋಷದ ಮೂರನೆಯ ಪಟ್ಟು 693ರ ಹತ್ತಿರ ಬರುತ್ತದೆ, ಶಾಫ್ಟಿನ ಇಪ್ಪತ್ತೊಂದನೆಯ ಪಟ್ಟು 700ಕ್ಕೆ. ಮೇಲೇರಿದಷ್ಟೂ ಅಂತರ ಹಿಗ್ಗಿ ಸಂಶಯ ಕರಗುತ್ತದೆ.

ದೋಷದ ಗೆರೆಗಳು ನಾಲ್ಕನೆಯ ದಿನ ಕಾಣತೊಡಗುತ್ತವೆ. ಒಟ್ಟು ಕಂಪನದ ಮಟ್ಟದಲ್ಲಿ ದೊಡ್ಡ ಏರಿಕೆ ಅದಾದ ಒಂದು ದಿನದಷ್ಟು ತಡವಾಗಿ ಬರುತ್ತದೆ. ನಂತರದ ನಡೆ ಇನ್ನೂ ಗಮನಾರ್ಹ: ಏರಿದ ಕಂಪನ ಮತ್ತೆ ಇಳಿಯುತ್ತದೆ, ಆಮೇಲೆ ಕೊನೆಯ ಏರಿಕೆ. ರೋಲರ್‌ಗಳು ಕುಳಿಯ ಚೂಪು ಅಂಚನ್ನು ಉಜ್ಜಿ ನುಣುಪಾಗಿಸುವುದರಿಂದ ಬಡಿತ ತಾತ್ಕಾಲಿಕವಾಗಿ ಮೆದುವಾಗುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಬೇರಿಂಗ್ ಗುಣವಾಗಿರುವುದಿಲ್ಲ, ಕುಳಿ ಅಗಲವಾಗುತ್ತಲೇ ಇರುತ್ತದೆ.

ಇತಿಹಾಸ

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ ಕೇಳುವುದು ಫಿಟರ್‌ಗಳ ಹಳೆಯ ವಿದ್ಯೆ. ಅಳತೆಗೆ ಮಾನದಂಡ ಕೊಡುವ ಯತ್ನದಲ್ಲಿ 1939ರಲ್ಲಿ ಟಿ. ಸಿ. ರಾತ್‌ಬೋನ್ ಅಮೆರಿಕದಲ್ಲಿ ಪ್ರಕಟಿಸಿದ ನಕ್ಷೆ ಮೊದಲಿನದು. ಅದು ಇಡೀ ಯಂತ್ರದ ಕಂಪನ ಒಳ್ಳೆಯದೋ ಕೆಟ್ಟದ್ದೋ ಎನ್ನುತ್ತಿತ್ತೇ ಹೊರತು ಕಾರಣ ಹೇಳುತ್ತಿರಲಿಲ್ಲ. ಇಂದಿನ ಐಎಸ್‌ಒ 20816 ಮಾನದಂಡದ ಮಟ್ಟಗಳು ಅದೇ ಸಾಲಿನವು.

1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವೇಗದ ಫೋರಿಯರ್ ಲೆಕ್ಕದ ಕ್ರಮ ಸ್ಪೆಕ್ಟ್ರಮ್ ತೆಗೆಯುವುದನ್ನು ಸುಲಭವಾಗಿಸಿತು. ಅನುರಣನದ ಪಟ್ಟಿಯಲ್ಲಿ ಬೇರಿಂಗ್ ದೋಷವನ್ನು ಹುಡುಕುವ ಉಪಾಯ 1970ರ ದಶಕದ ಆರಂಭದಲ್ಲಿ, ಅಮೆರಿಕದ ಸೈನ್ಯದ ಹೆಲಿಕಾಪ್ಟರ್‌ಗಳಿಗಾಗಿ ನಡೆದ ಕೆಲಸದಲ್ಲಿ ರೂಪುಗೊಂಡಿತು. 1984ರಲ್ಲಿ ಮ್ಯಾಕ್‌ಫ್ಯಾಡನ್ ಮತ್ತು ಸ್ಮಿತ್ ಒಂದೇ ಕುಳಿಯ ಕಂಪನಕ್ಕೆ ಗಣಿತದ ಮಾದರಿ ಕೊಟ್ಟು ಮರಿಗೆರೆಗಳ ಕಾರಣವನ್ನು ಸ್ಪಷ್ಟಪಡಿಸಿದರು. ನಂತರದ ಸುಧಾರಣೆಗಳು ಬಹುಮಟ್ಟಿಗೆ ಈ ತಳಹದಿಯ ಮೇಲೆಯೇ ನಿಂತಿವೆ.

ಕಾರ್ಖಾನೆಯಲ್ಲಿ ಅಳತೆ

ವೇಗೋತ್ಕರ್ಷ ಅಳೆಯುವ ಸೆನ್ಸರನ್ನು ಬೇರಿಂಗ್‌ಗೆ ಆದಷ್ಟು ಹತ್ತಿರ, ಭಾರ ಬೀಳುವ ಕಡೆ, ಹೌಸಿಂಗ್‌ನ ಗಟ್ಟಿ ಲೋಹದ ಮೇಲೆ ಕೂರಿಸಬೇಕು. ತೆಳುವಾದ ಫ್ಯಾನ್ ಕವರ್ ಮೇಲೆ ಇಟ್ಟರೆ ಕವರಿನ ಕಂಪನವೇ ದಾಖಲಾಗುತ್ತದೆ. ಕೂರಿಸುವ ಬಗೆಯೂ ಫಲಿತಾಂಶವನ್ನು ಬದಲಿಸುತ್ತದೆ. ಕೈಯಲ್ಲಿ ಒತ್ತಿ ಹಿಡಿದ ಸೆನ್ಸರ್ ಒಂದೆರಡು ಸಾವಿರ ಹರ್ಟ್ಸ್‌ಗಿಂತ ಮೇಲಿನದನ್ನು ನಂಬುವಂತೆ ಹೇಳುವುದಿಲ್ಲ. ಅಯಸ್ಕಾಂತ ಅದಕ್ಕಿಂತ ಮೇಲು. ತಿರುಪು ಹಾಕಿ ಬಿಗಿದದ್ದು ಎಲ್ಲಕ್ಕಿಂತ ಉತ್ತಮ. ಬೇರಿಂಗ್‌ನ ಮೊದಲ ಸುಳಿವು ಇರುವುದೇ ಆ ಮೇಲಿನ ಪಟ್ಟಿಯಲ್ಲಿ. ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ವೇಗ ಮತ್ತು ಭಾರದಲ್ಲಿ ಅಳೆದರೆ ಮಾತ್ರ ಹಿಂದಿನ ತಿಂಗಳೊಂದಿಗೆ ಹೋಲಿಕೆ ಸಾಧ್ಯ.

ಮಿತಿಗಳು

ನಿಧಾನವಾಗಿ ತಿರುಗುವ ಯಂತ್ರಗಳಲ್ಲಿ ಬಡಿತದ ಶಕ್ತಿ ಕಡಿಮೆ, ಬಡಿತಗಳ ನಡುವಿನ ಅಂತರ ದೀರ್ಘ. ಅಲ್ಲಿ ದಾಖಲೆ ಹೆಚ್ಚು ಹೊತ್ತು ನಡೆಯಬೇಕು, ಆದರೂ ಖಚಿತತೆ ಕಡಿಮೆ. ಗುಂಡು ಅಥವಾ ರೋಲರಿನ ದೋಷ ರೇಸಿನ ದೋಷಕ್ಕಿಂತ ಹಿಡಿಯಲು ಕಷ್ಟ, ಏಕೆಂದರೆ ಗುಂಡಿನ ಕುಳಿ ಪ್ರತಿ ಸಲವೂ ರೇಸಿನ ಹಾದಿಗೆ ಬರಬೇಕೆಂದಿಲ್ಲ. ಗ್ರೀಸ್ ಕಡಿಮೆಯಾದಾಗ ಮೇಲಿನ ಪಟ್ಟಿಯ ಗದ್ದಲ ಏರುತ್ತದೆ, ಆದರೆ ದೋಷದ ಗೆರೆ ಇರುವುದಿಲ್ಲ. ಗ್ರೀಸ್ ಹಾಕಿದ ಮೇಲೆ ಗದ್ದಲ ಇಳಿದು ಹಾಗೆಯೇ ಉಳಿದರೆ ಬದಲಾವಣೆ ಬೇಕಿಲ್ಲ. ದೊಡ್ಡ ಜಲವಿದ್ಯುತ್ ಜನರೇಟರ್‌ಗಳಂತೆ ಎಣ್ಣೆಯ ಪದರದ ಮೇಲೆ ಶಾಫ್ಟ್ ತೇಲುವ ಬೇರಿಂಗ್‌ಗಳಿಗೆ ಈ ವಿಧಾನ ಅನ್ವಯಿಸುವುದಿಲ್ಲ. ಅಲ್ಲಿ ಉರುಳುವ ಭಾಗವೇ ಇಲ್ಲ. ಶಾಫ್ಟ್ ಅಲುಗುವ ದೂರವನ್ನೇ ಬೇರೆ ಸೆನ್ಸರ್‌ಗಳಿಂದ ಅಳೆಯುತ್ತಾರೆ.

ಉಳಿದ ಆಯುಷ್ಯದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಪ್ರಯೋಗಾಲಯದ ಬೇರಿಂಗ್ ಮೊದಲ ಗೆರೆಯಿಂದ ಕೊನೆಯವರೆಗೆ ಮೂರು ದಿನ ಬಾಳಿತು. ಹಗುರ ಭಾರದ ಕಾರ್ಖಾನೆ ಯಂತ್ರದಲ್ಲಿ ಇದು ವಾರಗಳು ಅಥವಾ ತಿಂಗಳುಗಳಾಗಬಹುದು. ಅಳತೆಗಳ ನಡುವಿನ ಅವಧಿ ಆ ಕಾಲಾವಕಾಶದ ಅರ್ಧಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಎಚ್ಚರಿಕೆ ಎರಡು ಭೇಟಿಗಳ ನಡುವೆ ಕಳೆದುಹೋಗುತ್ತದೆ. ಗೆರೆಗಳು ಖಚಿತವಾದ ಬಳಿಕ ಕಂಪನ ಇಳಿದರೂ ಬದಲಾವಣೆಯ ನಿರ್ಧಾರವನ್ನು ಹಿಂತೆಗೆದುಕೊಳ್ಳಬಾರದು. ಕಳಚಿದ ಬೇರಿಂಗನ್ನು ಗುಜರಿಗೆ ಹಾಕುವ ಮೊದಲು ಕತ್ತರಿಸಿ, ಸ್ಪೆಕ್ಟ್ರಮ್ ಹೇಳಿದ ಜಾಗದಲ್ಲಿ ಕುಳಿ ಇದೆಯೇ ಎಂದು ನೋಡಬೇಕು. ರೋಗನಿರ್ಣಯ ಸರಿಯಿತ್ತೇ ಎಂಬುದಕ್ಕೆ ಕೊನೆಯ ಸಾಕ್ಷಿ ಆ ಕತ್ತರಿಸಿದ ರೇಸ್ ಒಂದೇ.