ಬೆಟ್ಟ ಹತ್ತುವವರಿಗೆ, ತಿರುಪತಿಗೆ ನಡೆಯುವವರಿಗೆ ಏನು ಕೊಡಬೇಕು?

ಕೋಲಾರ ಜಿಲ್ಲೆಯಲ್ಲಿ ಚೀಲ ಬೆನ್ನಿಗೆ ಹಾಕಿಕೊಂಡು ನಡೆಯುವವರಲ್ಲಿ ಎರಡು ಬಗೆ. ಕೋಲಾರದ ಅಂತರಗಂಗೆ, ಮುಳಬಾಗಿಲಿನ ಆವಣಿ ಬೆಟ್ಟ, ಮಾಲೂರು ತಾಲ್ಲೂಕಿನ ಟೇಕಲ್ ಬಂಡೆಗಳನ್ನು ಹತ್ತುವವರು ಒಂದು ಬಗೆ. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು ದಾರಿ ಹಿಡಿದು ತಿರುಪತಿಗೆ ಪಾದಯಾತ್ರೆ ಹೊರಡುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಅರ್ಧ ದಿನದ ಕೆಲಸ, ಎರಡನೆಯವರಿಗೆ ಹಲವು ದಿನಗಳದು. ಇಬ್ಬರಿಗೂ ನಮ್ಮಲ್ಲಿ ಕೊಡುವ ಉಡುಗೊರೆ ಮಾತ್ರ ಒಂದೇ: ಶಾಲು, ಗಾಜಿನ ಚೌಕಟ್ಟು, ಇಲ್ಲವೇ ದೊಡ್ಡ ಫ್ಲಾಸ್ಕು. ಮೂರೂ ಶೋಕೇಸಿಗೆ ಹೋಗುತ್ತವೆ, ಚೀಲಕ್ಕೆ ಹೋಗುವುದಿಲ್ಲ.

ಈ ದಾರಿಗಳನ್ನು ನೋಡಿ ಕೊಡುವುದಾದರೆ ಪಟ್ಟಿ ಬಹಳ ಸಣ್ಣದು. ಅದರಲ್ಲಿ ಬೆಳಕಿಗೆ ಮೊದಲ ಜಾಗ.

ತಲೆಗೆ ಕಟ್ಟುವ ಟಾರ್ಚ್

ಅಂತರಗಂಗೆ ಕೋಲಾರ ಪಟ್ಟಣದ ಪಕ್ಕದಲ್ಲೇ ಇರುವ ಶತಶೃಂಗ ಬೆಟ್ಟ ಸಾಲಿನಲ್ಲಿದೆ. ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ಮತ್ತು ಕಾಶಿ ವಿಶ್ವೇಶ್ವರ ದೇವಸ್ಥಾನದವರೆಗೆ ಮೆಟ್ಟಿಲಿದೆ. ಅಲ್ಲಿಂದ ಮೇಲೆ ಬಂಡೆಗಳದೇ ರಾಜ್ಯ. ಇಲ್ಲಿ ಗುಹೆ ಎನ್ನುವುದೆಲ್ಲ ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಒರಗಿದಾಗ ನಡುವೆ ಉಳಿದ ಸಂದುಗಳು. ಕೆಲವು ಕಡೆ ಕೂತು, ಕೆಲವು ಕಡೆ ತೆವಳಿ ಹೋಗಬೇಕು. ಎರಡೂ ಕೈ ಊರಿ ಮೈಯನ್ನು ಮೇಲಕ್ಕೆಳೆದುಕೊಳ್ಳುವ ಜಾಗಗಳೂ ಇವೆ. ಬೆಂಗಳೂರಿನಿಂದ ಬರುವವರು ಸೂರ್ಯೋದಯಕ್ಕೆಂದು ಕತ್ತಲಲ್ಲೇ ಹತ್ತಲು ನೋಡುತ್ತಾರೆ. ಮೊಬೈಲ್ ಟಾರ್ಚ್ ಹಿಡಿದವರ ಒಂದು ಕೈ ಅಲ್ಲೇ ಹೋಯಿತು. ಆ ಕೈ ಜಾರಿದರೆ ಮೊಬೈಲು ಬಂಡೆಯ ಸಂದಿಗೆ ಬೀಳುತ್ತದೆ, ತೆಗೆಯಲು ಬರುವುದಿಲ್ಲ.

ಹೆಡ್‌ಲ್ಯಾಂಪ್ ಎಂದು ಮಾರುವ ತಲೆಟಾರ್ಚು ಇದಕ್ಕೆ ಸರಿಯಾದ ವಸ್ತು. ಒಳ್ಳೆಯದು ಸೆಲ್ ಸಮೇತ 80–90 ಗ್ರಾಂ ತೂಗುತ್ತದೆ. ಬೆಳಕು 200ರಿಂದ 300 ಲ್ಯೂಮೆನ್ ಇದ್ದರೆ ಬೇಕಾದಷ್ಟಾಯಿತು. ಸಾವಿರಾರು ಲ್ಯೂಮೆನ್ ಎಂದು ಡಬ್ಬಿಯ ಮೇಲೆ ಬರೆದು ಇನ್ನೂರು ರೂಪಾಯಿಗೆ ಮಾರುವುದನ್ನು ನಂಬಬೇಡಿ. ಅಷ್ಟು ಬೆಳಕು ಕೊಡಲು ಆ ಪುಟ್ಟ ಡಬ್ಬಿಯ ಬ್ಯಾಟರಿಗೂ ಆಗುವುದಿಲ್ಲ, ಬಿಸಿ ಹೊರಹಾಕಲು ಅದರ ಪ್ಲಾಸ್ಟಿಕ್ ಮೈಗೂ ಆಗುವುದಿಲ್ಲ.

ಹೆಚ್ಚು ಜನ ಮೋಸಹೋಗುವುದು ‘ಇಷ್ಟು ಗಂಟೆ ಉರಿಯುತ್ತದೆ’ ಎಂಬ ಸಾಲಿನಲ್ಲಿ. ಒಳ್ಳೆಯ ತಯಾರಕರು ಬಳಸುವ ಎಎನ್‌ಎಸ್‌ಐ ಅಳತೆಯಲ್ಲಿ ಗಂಟೆ ಎಂದರೆ ಬೆಳಕು ಮೊದಲಿದ್ದುದರ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ. 200 ಲ್ಯೂಮೆನ್ನಿನ ಟಾರ್ಚು ‘ಆರು ಗಂಟೆ’ ಎಂದಿದ್ದರೆ ಆರನೆಯ ಗಂಟೆಯಲ್ಲಿ ಉಳಿದಿರುವುದು 20 ಲ್ಯೂಮೆನ್. ಮೆಟ್ಟಿಲಿಗೆ ಅದು ಸಾಕು, ಬಂಡೆ ಇಳಿಯಲು ಸಾಲದು. ಆದ್ದರಿಂದ ಗಂಟೆಯ ಲೆಕ್ಕ ಓದುವುದಕ್ಕಿಂತ ಹೆಚ್ಚುವರಿ ಸೆಲ್ ಜೊತೆಗಿಡುವುದು ಮುಖ್ಯ.

ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ಲಿನ ಮಾದರಿ ಒಳ್ಳೆಯದೋ, ಚಾರ್ಜ್ ಮಾಡುವುದು ಒಳ್ಳೆಯದೋ? ವಾರವಾರ ಹೋಗುವವರಿಗೆ ಚಾರ್ಜಿನದು. ವರ್ಷಕ್ಕೊಮ್ಮೆ ಪಾದಯಾತ್ರೆಗೆ ಹೋಗುವವರಿಗೆ ಸೆಲ್ಲಿನದೇ ಮೇಲು. ದಾರಿಯ ಯಾವ ಅಂಗಡಿಯಲ್ಲೂ ಸೆಲ್ ಸಿಗುತ್ತದೆ, ಪ್ಲಗ್ಗು ಹುಡುಕುವ ಕಷ್ಟವಿಲ್ಲ. ಮೂರು ಸೆಲ್ ಸೇರಿದರೂ ಸುಮಾರು 35 ಗ್ರಾಂ. ಆದರೆ ಸೆಲ್ಲನ್ನು ಒಳಗೇ ಬಿಟ್ಟು ಅಟ್ಟಕ್ಕೆ ಹಾಕಿದರೆ ಅದು ಸೋರಿ ತಗಡಿಗೆ ಬಿಳಿ, ಹಸಿರು ಹುಡಿ ಮೆತ್ತಿಕೊಳ್ಳುತ್ತದೆ. ಟಾರ್ಚು ಸಾಯುವುದು ಬಿದ್ದು ಒಡೆದು ಅಲ್ಲ, ಹೀಗೆ.

ಅಂಗಡಿಯಲ್ಲಿ ನೋಡಬೇಕಾದದ್ದು ಮೂರು. ದೀಪದ ತಲೆ ಬಗ್ಗಬೇಕು, ಬಗ್ಗಿಸಿದ ಕಡೆ ನಿಲ್ಲಬೇಕು. ಸಡಿಲವಿದ್ದರೆ ಹೆಜ್ಜೆಗೊಮ್ಮೆ ಬೆಳಕು ಮೂಗಿನ ಮೇಲೆ ಬೀಳುತ್ತದೆ. ಚೀಲದಲ್ಲಿ ತಾನಾಗಿ ಹೊತ್ತಿಕೊಳ್ಳದಂತೆ ಸ್ವಿಚ್ಚಿಗೆ ಬೀಗ ಇರಬೇಕು. ಡಬ್ಬಿಯ ಮೇಲೆ ಐಪಿಎಕ್ಸ್ 4 ಎಂದಾದರೂ ಇರಬೇಕು. ಯಾವ ಕಡೆಯಿಂದ ನೀರು ಎರಚಿದರೂ ಕೆಡುವುದಿಲ್ಲ ಎಂದು ಅದರ ಅರ್ಥ. ಕೆಂಪು ದೀಪವೂ ಇದ್ದರೆ ಲಾಭವೇ, ಕತ್ತಲಿಗೆ ಹೊಂದಿದ ಕಣ್ಣು ಅದರಿಂದ ಕುಕ್ಕುವುದಿಲ್ಲ, ಎದುರಿನವರ ಬೈಗುಳವೂ ತಪ್ಪುತ್ತದೆ.

ಕೊಡುವಾಗ ಒಂದು ಮಾತು ಹೇಳಿ ಕೊಡಿ. ಹಣೆಯ ಬೆಳಕು ಕಣ್ಣಿನ ಸಮಕ್ಕೇ ಬೀಳುವುದರಿಂದ ಕಲ್ಲುಗಳ ನೆರಳು ಕಾಣುವುದಿಲ್ಲ, ಹಳ್ಳ ದಿಬ್ಬಗಳೆಲ್ಲ ಒಂದೇ ಮಟ್ಟವಾಗಿ ತೋರುತ್ತವೆ. ಇಳಿಜಾರಿನಲ್ಲಿ ಟಾರ್ಚನ್ನು ಬಿಚ್ಚಿ ಸೊಂಟದ ಎತ್ತರದಲ್ಲಿ ಹಿಡಿದರೆ ಪ್ರತಿ ಕಲ್ಲಿನ ಹಿಂದೆ ನೆರಳು ಮೂಡಿ ಎಲ್ಲಿ ಕಾಲಿಡಬೇಕೆಂದು ತಿಳಿಯುತ್ತದೆ. ಇನ್ನು ರಾತ್ರಿ ಹೊತ್ತಿನಲ್ಲಿ ಬೆಟ್ಟಕ್ಕೆ ಬಿಡುತ್ತಾರೆಯೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕು. ಟಾರ್ಚು ಇದೆ ಎಂಬುದೇ ಅನುಮತಿಯಲ್ಲ.

ನೀರಿನ ಬಾಟಲಿ ಕೊಡಿ, ಫಿಲ್ಟರ್ ಸ್ಟ್ರಾ ಬೇಡ

ಟ್ರೆಕ್ಕಿಂಗ್ ಉಡುಗೊರೆ ಎಂದ ಕೂಡಲೇ ಅಂಗಡಿಯವರು ತೋರಿಸುವುದು ನೀರು ಸೋಸುವ ಸ್ಟ್ರಾ. ಹಿಮಾಲಯದ ತೊರೆಗೆ ಅದು ಸರಿ. ಕೋಲಾರಕ್ಕೆ ಅದರಿಂದ ಉಪಯೋಗ ಕಡಿಮೆ, ಕಾರಣವೂ ಈ ನೆಲದ್ದೇ.

ಅದರೊಳಗಿನ ಎಳೆಗಳ ರಂಧ್ರ ಸುಮಾರು 0.1ರಿಂದ 0.2 ಮೈಕ್ರಾನ್. ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ್ದು ಸಿಕ್ಕಿಕೊಳ್ಳುವುದಿಲ್ಲ. ಈ ಜಿಲ್ಲೆಯ ಆಳದ ಕೊಳವೆಬಾವಿಗಳ ತೊಂದರೆ ಕರಗಿದ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅನೇಕ ಹಳ್ಳಿಗಳ ನೀರು ಈ ಗಡಿ ದಾಟುತ್ತದೆ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಒಂದೆರಡು ದಿನ ಕುಡಿದ ಪ್ರಯಾಣಿಕನಿಗೆ ಏನೂ ಆಗದು, ಹಲ್ಲು ಮೂಳೆ ಕೆಡುವುದು ವರ್ಷಗಟ್ಟಲೆ ಕುಡಿದವರಿಗೆ. ಆದರೂ ‘ಫಿಲ್ಟರ್ ಇದೆ, ಯಾವ ನೀರಾದರೂ ಸರಿ’ ಎಂಬ ಧೈರ್ಯ ಇಲ್ಲಿ ತಪ್ಪು.

ಕೆರೆಗಳ ವಿಷಯ ಇನ್ನೂ ಬೇರೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲ ಹೆಚ್ಚಿಸಲು ಮಾಡಿದ ಯೋಜನೆ ಅದು, ಕುಡಿಯಲು ಬಿಟ್ಟ ನೀರಲ್ಲ. ತುಂಬಿದ ಕೆರೆ ಕಣ್ಣಿಗೆ ಹಬ್ಬವಾದರೂ ಸ್ಟ್ರಾ ಹಾಕುವ ಜಾಗವಲ್ಲ.

ದಾರಿಯಲ್ಲಿ ನಿಜವಾಗಿ ನೀರು ಸಿಗುವುದು ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ. ನಾಣ್ಯ ಹಾಕಿದರೆ ನಲ್ಲಿ ಬಿಂದಿಗೆಯ ಲೆಕ್ಕದಲ್ಲಿ ಒಮ್ಮೆಗೇ ಸುರಿಯುತ್ತದೆ, ಸಣ್ಣ ಬಾಯಿಯ ಬಾಟಲಿ ಒಡ್ಡಿದರೆ ಅರ್ಧ ನೀರು ಕಾಲಮೇಲೆ. ಹಾಗಾಗಿ ಅಗಲ ಬಾಯಿಯ ಒಂದು ಲೀಟರಿನ ಬಾಟಲಿ ಕೊಡಿ. ತೂಕ ನೋಡಿ ಕೊಡಿ: ಬಿಸಿ ತಣ್ಣಗೆ ಕಾಯುವ ಎರಡು ಪದರದ ಸ್ಟೀಲ್ ಫ್ಲಾಸ್ಕು ಖಾಲಿಯಿದ್ದಾಗಲೇ 400 ಗ್ರಾಂ ದಾಟುತ್ತದೆ, ಒಂದೇ ಪದರದ ಸ್ಟೀಲಿನದು ಅದರ ಅರ್ಧ, ಗಟ್ಟಿ ಪ್ಲಾಸ್ಟಿಕ್ಕಿನದು ಇನ್ನೂ ಕಡಿಮೆ. ನನ್ನ ಆಯ್ಕೆ ಒಂದೇ ಪದರದ ಸ್ಟೀಲು. ಬಂಡೆಗೆ ತಗುಲಿ ತಗ್ಗು ಬಿದ್ದರೂ ಸೋರುವುದಿಲ್ಲ, ಬಿಸಿಲಿನಲ್ಲಿ ವಾಸನೆ ಹಿಡಿಯುವುದಿಲ್ಲ. ಕೊಳ್ಳುವಾಗ ಮುಚ್ಚಳದ ರಬ್ಬರ್ ಬಳೆ ಬೇರೆ ಸಿಗುತ್ತದೆಯೇ ಕೇಳಿ. ಮೊದಲು ಹಾಳಾಗುವುದು ಅದೇ.

ಪಾದಯಾತ್ರೆಯವರ ಕಾಲಿಗೆ

ಮುಳಬಾಗಿಲಿನಿಂದ ತಿರುಪತಿ ಸುಮಾರು 150 ಕಿಲೋಮೀಟರ್. ಆಮೇಲೆ ಅಲಿಪಿರಿಯ 3,550 ಮೆಟ್ಟಿಲು. ಈ ದಾರಿಯಲ್ಲಿ ಜನ ಅರ್ಧಕ್ಕೆ ಬಸ್ ಹತ್ತುವುದಿದ್ದರೆ ಮಂಡಿ ನೋವಿನಿಂದ ಅಥವಾ ಬೊಬ್ಬೆಯಿಂದ. ಬೊಬ್ಬೆಗೆ ಕಾರಣ ಬೆವರು ಮತ್ತು ಉಜ್ಜುವಿಕೆ, ಎರಡೂ ಸೇರಬೇಕು. ಹತ್ತಿಯ ಕಾಲುಚೀಲ ಬೆವರನ್ನು ಕುಡಿದು ಅಲ್ಲೇ ಇಟ್ಟುಕೊಳ್ಳುತ್ತದೆ. ನೈಲಾನ್ ಬೆರೆತ ಉಣ್ಣೆ ಅಥವಾ ಪಾಲಿಯೆಸ್ಟರ್ ಕಾಲುಚೀಲ ಬೇಗ ಒಣಗುತ್ತದೆ. ಎರಡು ಜೊತೆ ಕೊಟ್ಟರೆ ಒಂದನ್ನು ತೊಟ್ಟು ಇನ್ನೊಂದನ್ನು ಚೀಲದ ಹೊರಗೆ ಪಿನ್ನು ಹಾಕಿ ಒಣಗಿಸಿಕೊಂಡು ನಡೆಯಬಹುದು.

ಜೊತೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಕಾಗದದ ಟೇಪಿನ ಒಂದು ಸುರುಳಿ ಇಡಿ. ಹಿಮ್ಮಡಿ ಅಥವಾ ಕಿರುಬೆರಳು ಬಿಸಿಯೇರಿ ಚುರುಚುರು ಎಂದ ಕೂಡಲೇ ನಿಂತು, ಒರೆಸಿ ಒಣಗಿಸಿ, ಸುಕ್ಕಿಲ್ಲದಂತೆ ಟೇಪು ಅಂಟಿಸಬೇಕು. ಮುಂದಿನ ಹಳ್ಳಿಯಲ್ಲಿ ನೋಡೋಣ ಎಂದವರಿಗೆ ಮುಂದಿನ ಹಳ್ಳಿಯಲ್ಲಿ ನೀರು ತುಂಬಿದ ಬೊಬ್ಬೆ. ಬರಿಗಾಲಿನಲ್ಲಿ ಹೋಗುವ ಹರಕೆಯಿದ್ದವರಿಗೆ ಕಾಲುಚೀಲ ಕೊಟ್ಟು ಮುಜುಗರ ಮಾಡಬೇಡಿ, ತೆಳ್ಳನೆಯ ಹತ್ತಿ ಟವೆಲ್ ಕೊಡಿ. ತಲೆಗೆ ಸುತ್ತಲು, ಬೆವರೊರೆಸಲು, ರಾತ್ರಿ ಛತ್ರದಲ್ಲಿ ದಿಂಬಿನ ಮೇಲೆ ಹಾಸಲು ಅದು ಒದಗುತ್ತದೆ. ದಪ್ಪ ಟರ್ಕಿ ಟವೆಲ್ ಬೇಡವೇ ಬೇಡ, ಒಣಗುವುದಿಲ್ಲ.

ಮಂಗಗಳ ಮಾತು

ತಿನ್ನುವ ಉಡುಗೊರೆಗೆ ಶ್ರೀನಿವಾಸಪುರವಿದೆ. ಮಾವಿನ ರಸವನ್ನು ಪದರ ಪದರವಾಗಿ ಬಿಸಿಲಿಗೆ ಒಣಗಿಸಿದ, ಗಡಿಭಾಗದ ತೆಲುಗು ಮನೆಗಳಲ್ಲಿ ತಾಂಡ್ರ ಎನ್ನುವ ಮಾವಿನ ಹಪ್ಪಳ ಜೇಬಿಗೆ ಹಗುರ, ಕೆಡುವುದಿಲ್ಲ, ತಿಂದಷ್ಟೂ ಚೀಲದ ತೂಕ ಇಳಿಯುತ್ತದೆ. ಆದರೆ ಅಂತರಗಂಗೆಯ ಮೆಟ್ಟಿಲಿನಲ್ಲಿ ಅದನ್ನು ಕೈಯಲ್ಲಿ ಹಿಡಿದರೆ ನಿಮ್ಮ ಪಾಲಿಗೆ ಉಳಿಯುವುದಿಲ್ಲ. ಅಲ್ಲಿಯ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಎಂದರೆ ಊಟದ ಗಂಟೆ. ಜಿಪ್ ಇರುವ ಸಣ್ಣ ಬಟ್ಟೆಚೀಲದಲ್ಲಿ ಹಾಕಿ ಕೊಟ್ಟರೆ ಚೀಲವೂ ಉಡುಗೊರೆಯೇ ಆಯಿತು.

ಒಂದು ಕಟ್ಟು ಕಟ್ಟಿ ನೋಡೋಣ

ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಅಕ್ಕನ ಮಗಳು, ಎಂದಾದರೊಂದು ಭಾನುವಾರ ಗೆಳತಿಯರ ಜೊತೆ ಬೆಟ್ಟ, ಈ ವರ್ಷ ಅಮ್ಮನ ಜೊತೆ ತಿರುಪತಿ ಪಾದಯಾತ್ರೆ ಎಂದಿಟ್ಟುಕೊಳ್ಳಿ. ಟಾರ್ಚು 85 ಗ್ರಾಂ, ಹೆಚ್ಚುವರಿ ಸೆಲ್ 35, ಸ್ಟೀಲ್ ಬಾಟಲಿ 200, ಎರಡು ಜೊತೆ ಕಾಲುಚೀಲ 100, ಟವೆಲ್ 100, ಟೇಪು 20. ಒಟ್ಟು 540 ಗ್ರಾಂ. ಅರ್ಧ ಕಿಲೋ ಮೀರಿತು ಎನಿಸಿದರೆ ಕಾಲುಚೀಲವನ್ನೋ ಟವೆಲನ್ನೋ ಅವಳ ಮನೆಯಲ್ಲಿ ಆಗಲೇ ಇದೆಯೇ ಎಂದು ಅಕ್ಕನನ್ನು ಕೇಳಿ ಬಿಡಬಹುದು. ಟಾರ್ಚನ್ನು ಮಾತ್ರ ಬಿಡಬೇಡಿ. ದುಡ್ಡು ಕಡಿಮೆಯಿದ್ದರೆ ಟಾರ್ಚೊಂದನ್ನೇ ಕೊಡಿ, ಉಳಿದದ್ದನ್ನು ಅವಳು ಸಂತೆಯಲ್ಲಿ ಕೊಂಡುಕೊಳ್ಳುತ್ತಾಳೆ.

ಕಟ್ಟುವ ಮುನ್ನ ಟಾರ್ಚಿಗೆ ಸೆಲ್ ಹಾಕಿ ಕತ್ತಲ ಕೋಣೆಯಲ್ಲಿ ಒಮ್ಮೆ ಉರಿಸಿ ನೋಡಿ, ಸೆಲ್ ತೆಗೆದು ಬೇರೆ ಇಡಿ, ಬಿಲ್ಲನ್ನು ಡಬ್ಬಿಯೊಳಗೇ ಬಿಡಿ. ವಾರಂಟಿ ಕೇಳಲು ಹೋಗುವವಳು ಅವಳು, ನೀವಲ್ಲ.